ಕಾರ್ಡಿನಿಂದ ನಿಮಗೆ ಗೊತ್ತಿಲ್ಲದೆ ದುಡ್ಡು ಹೋದರೆ ಬ್ಯಾಂಕಿಗೆ ದೂರು ಬರೆಯುವುದು ಹೇಗೆ: ಸಮಗ್ರ ಮಾರ್ಗದರ್ಶಿ

ನಮ್ಮ ಭಾವನ ಫೋನಿಗೆ ಒಂದು ರಾತ್ರಿ ಮೂರು ಎಸ್‌ಎಂಎಸ್ ಬಂದವು. ಮೊದಲು 84 ರೂಪಾಯಿ, ಆಮೇಲೆ 9,480, ಕೊನೆಗೆ 18,960. ಮೂರೂ ಡೆಬಿಟ್ ಕಾರ್ಡಿನಿಂದ, ಮೂರೂ ಯಾವುದೋ ವಿದೇಶಿ ವೆಬ್‌ಸೈಟಿಗೆ. ಒಟಿಪಿ ಒಂದೂ ಬಂದಿರಲಿಲ್ಲ. ಭಾವ ಮಲಗಿದ್ದರು, ಕಾರ್ಡು ಪರ್ಸಿನಲ್ಲೇ ಇತ್ತು.

ಆ ದುಡ್ಡು ಪೂರ್ತಿ ವಾಪಸ್ ಬಂತು. ಆದರೆ ಮೊದಲ ಸಲ ಬ್ಯಾಂಕು ಇಲ್ಲ ಅಂದಿತ್ತು. ನಡುವೆ ಬದಲಾಗಿದ್ದು ಒಂದೇ, ನಾವು ಬರೆದ ಪತ್ರ. ಮೊದಲನೆಯದನ್ನು ಭಾವ ಗಾಬರಿಯಲ್ಲಿ ಬರೆದಿದ್ದರು. ಎರಡನೆಯದನ್ನು ಗಡಿಯಾರ ನೋಡಿ ಬರೆದೆವು. ಈ ಬರಹ ಆ ಎರಡನೇ ಪತ್ರದ ಬಗ್ಗೆ.

ಮೊದಲೇ ಒಂದು ವಿಷಯ. ಇದು ನೀವು ಮಾಡಿಯೇ ಇಲ್ಲದ ವ್ಯವಹಾರಕ್ಕೆ ಮಾತ್ರ. ನೀವೇ ಹಣ ಕಟ್ಟಿ ಸಾಮಾನು ಬರದಿದ್ದರೆ, ಅಥವಾ ಹಿಂದೆ ಯಾವಾಗಲೋ ಒಪ್ಪಿಕೊಂಡ ಚಂದಾ ತಾನಾಗಿ ಕಟ್ ಆಗಿದ್ದರೆ, ಅದು ವ್ಯಾಪಾರಿಯ ಜೊತೆಗಿನ ತಕರಾರು. ಅದಕ್ಕೂ ಬ್ಯಾಂಕಿನಲ್ಲಿ ದಾರಿ ಇದೆ, ಆದರೆ ಅದು ಬೇರೆ ದಾರಿ. ಅದನ್ನು "ನಾನು ಮಾಡಿಲ್ಲ" ಅಂತ ಬರೆದರೆ ವ್ಯಾಪಾರಿ ನಿಮ್ಮ ಹೆಸರು, ಇಮೇಲ್ ಎಲ್ಲ ತೋರಿಸುತ್ತಾನೆ, ದೂರು ಬಿದ್ದುಹೋಗುತ್ತದೆ. ಹಾಗಾಗಿ ಮೊದಲು ಮನೆಯಲ್ಲಿ ಎಲ್ಲರನ್ನೂ ಕೇಳಿ. ಮಗ ಗೇಮಿಗೆ ಕಾರ್ಡ್ ಹಾಕಿರಬಹುದು, ನಿಜವಾಗಿಯೂ ಆಗುತ್ತದೆ. ಆದರೆ ಕೇಳುತ್ತಾ ಕೂತು ಕಾರ್ಡ್ ಬ್ಲಾಕ್ ಮಾಡುವುದನ್ನು ಮುಂದೂಡಬೇಡಿ.

ಯಾಕೆ ಗಂಟೆ, ನಿಮಿಷ ಇಷ್ಟು ಮುಖ್ಯ

2017ರ ಜುಲೈ 6ರಂದು ಆರ್‌ಬಿಐ ಬ್ಯಾಂಕುಗಳಿಗೆ ಒಂದು ಸುತ್ತೋಲೆ ಕಳಿಸಿತು. ಗ್ರಾಹಕ ಒಪ್ಪದೆ ನಡೆದ ಎಲೆಕ್ಟ್ರಾನಿಕ್ ವ್ಯವಹಾರದಲ್ಲಿ ನಷ್ಟ ಯಾರ ಪಾಲಿಗೆ ಎಂದು ಹೇಳುವ ಸುತ್ತೋಲೆ ಅದು. ಪ್ರತಿ ಬ್ಯಾಂಕೂ ಇದರ ಮೇಲೆ ತನ್ನದೇ ಒಂದು ನೀತಿ ಮಾಡಿ ವೆಬ್‌ಸೈಟಿನಲ್ಲಿ ಹಾಕಿರಬೇಕು. ನಿಮ್ಮ ಬ್ಯಾಂಕಿನ ಸೈಟಿನ ತಳದಲ್ಲಿ, ಯಾರೂ ನೋಡದ ಜಾಗದಲ್ಲಿ, ಗ್ರಾಹಕ ರಕ್ಷಣಾ ನೀತಿ ಅಥವಾ ಪರಿಹಾರ ನೀತಿ ಅಂತ ಒಂದು ಪಿಡಿಎಫ್ ಸಿಗುತ್ತದೆ. ದೂರು ಬರೆಯುವ ಮೊದಲು ಅದನ್ನು ಇಳಿಸಿಕೊಳ್ಳಿ. ನಾನು ಇಲ್ಲಿ ಹೇಳುವ ಗಡುವು, ಮೊತ್ತ ಎಲ್ಲ ಭಾವನ ಕೇಸು ನಡೆದ 2025ರ ಜೂನ್ ಹೊತ್ತಿನವು, ಸದ್ಯ ಜಾರಿಯಲ್ಲಿರುವ ನಿಯಮ ಆ ಪಿಡಿಎಫ್‌ನಲ್ಲೇ ಇರುತ್ತದೆ, ಮತ್ತು ಬ್ಯಾಂಕಿಗೆ ಅದರದ್ದೇ ಮಾತು ತೋರಿಸಿದರೆ ಕೆಲಸ ಬೇಗ ಆಗುತ್ತದೆ.

ಆ ಸುತ್ತೋಲೆ ಕೇಳುವ ಪ್ರಶ್ನೆ ಎರಡೇ. ತಪ್ಪು ಯಾರದ್ದು? ನೀವು ಯಾವಾಗ ತಿಳಿಸಿದಿರಿ?

ತಪ್ಪು ಬ್ಯಾಂಕಿನದ್ದೇ ಆಗಿದ್ದರೆ ನೀವು ಯಾವಾಗ ತಿಳಿಸಿದರೂ ನಿಮಗೆ ನಷ್ಟ ಇಲ್ಲ. ತಪ್ಪು ಬ್ಯಾಂಕಿನದ್ದೂ ಅಲ್ಲ, ನಿಮ್ಮದೂ ಅಲ್ಲ, ಮೂರನೆಯವರು ಎಲ್ಲೋ ಕಾರ್ಡ್ ನಂಬರ್ ಕದ್ದಿದ್ದಾರೆ ಅಂದುಕೊಳ್ಳಿ. ಆಗ ಬ್ಯಾಂಕಿನಿಂದ ಮಾಹಿತಿ ಬಂದ ಮೇಲೆ 3 ಕೆಲಸದ ದಿನಗಳೊಳಗೆ ತಿಳಿಸಿದರೆ ನಷ್ಟ ಪೂರ್ತಿ ಬ್ಯಾಂಕಿನದ್ದು. 4ರಿಂದ 7ನೇ ದಿನದೊಳಗೆ ತಿಳಿಸಿದರೆ ನಿಮ್ಮ ಪಾಲಿಗೆ ಒಂದು ಮಿತಿ ಬರುತ್ತದೆ. ಸಾಮಾನ್ಯ ಉಳಿತಾಯ ಖಾತೆಗೆ, ಮತ್ತು 5 ಲಕ್ಷದವರೆಗೆ ಮಿತಿ ಇರುವ ಕ್ರೆಡಿಟ್ ಕಾರ್ಡಿಗೆ ಅದು 10,000 ರೂಪಾಯಿ. ಹೋದ ಹಣ ಅದಕ್ಕಿಂತ ಕಡಿಮೆ ಇದ್ದರೆ ಅಷ್ಟು ಮಾತ್ರ. 7 ದಿನ ದಾಟಿದರೆ ಬ್ಯಾಂಕಿನ ಸ್ವಂತ ನೀತಿ ಏನು ಹೇಳುತ್ತದೋ ಅದು.

ಇನ್ನು ಒಟಿಪಿಯನ್ನೋ ಪಿನ್ ಅನ್ನೋ ನೀವೇ ಯಾರಿಗಾದರೂ ಹೇಳಿದ್ದರೆ ಲೆಕ್ಕ ಬೇರೆ. ನೀವು ಬ್ಯಾಂಕಿಗೆ ತಿಳಿಸುವ ಕ್ಷಣದವರೆಗಿನ ನಷ್ಟ ನಿಮ್ಮದು. ತಿಳಿಸಿದ ಮೇಲೆ ಹೋದದ್ದು ಬ್ಯಾಂಕಿನದ್ದು. ಇಲ್ಲಿ ಸುಳ್ಳು ಹೇಳಿ ಪ್ರಯೋಜನ ಇಲ್ಲ, ಒಟಿಪಿ ಯಾವಾಗ ಹೋಯಿತು, ಯಾವಾಗ ಬಳಕೆಯಾಯಿತು ಅಂತ ಬ್ಯಾಂಕಿನ ಲಾಗಿನಲ್ಲಿ ಸೆಕೆಂಡ್ ಸಮೇತ ಇರುತ್ತದೆ. ಆದರೆ ಇಂಥ ಕೇಸಿನಲ್ಲೂ ನಿಮ್ಮ ಕರೆಯ ನಂತರ ಇನ್ನೊಂದು ವ್ಯವಹಾರ ಆಗಿದ್ದರೆ ಅಷ್ಟು ದುಡ್ಡು ಕೇಳುವ ಹಕ್ಕು ನಿಮಗಿದೆ. ಎಷ್ಟೋ ಜನ "ನಾನೇ ಹೇಳಿಬಿಟ್ಟೆ, ನನ್ನದೇ ತಪ್ಪು" ಅಂತ ಅದನ್ನೂ ಬಿಟ್ಟುಬಿಡುತ್ತಾರೆ.

ಈಗ ದಿನ ಎಣಿಸುವುದು. ಮಾಹಿತಿ ಬಂದ ದಿನ ಲೆಕ್ಕಕ್ಕೆ ಇಲ್ಲ. ನಿಮ್ಮ ಖಾತೆ ಇರುವ ಶಾಖೆಯ ಕೆಲಸದ ದಿನಗಳು ಮಾತ್ರ ಲೆಕ್ಕ. ಭಾವನ ಕೇಸಿನಲ್ಲಿ ಮೆಸೇಜ್ ಬಂದದ್ದು 2025ರ ಜೂನ್ 13, ಶುಕ್ರವಾರ ರಾತ್ರಿ. ಮಾರನೇ ದಿನ ಎರಡನೇ ಶನಿವಾರ, ಬ್ಯಾಂಕ್ ರಜೆ. ಆಮೇಲೆ ಭಾನುವಾರ. ಅಲ್ಲಿಗೆ ಮೊದಲ ಕೆಲಸದ ದಿನ 16ರ ಸೋಮವಾರ, ಮೂರನೆಯದು 18ರ ಬುಧವಾರ. ಶನಿವಾರ ಬೆಳಿಗ್ಗೆ ದೂರು ಕೊಟ್ಟ ಭಾವ ಎಲ್ಲ ರೀತಿಯಲ್ಲೂ ಗಡುವಿನ ಒಳಗೇ ಇದ್ದರು. ಆದರೆ ಅದನ್ನು ಅವರ ಮೊದಲ ಪತ್ರ ಹೇಳಿರಲೇ ಇಲ್ಲ.

ಮೊದಲ ಅರ್ಧ ಗಂಟೆ

ಪತ್ರ ಆಮೇಲೆ. ಮೊದಲು ಪತ್ರಕ್ಕೆ ಬೇಕಾದ ಸಾಕ್ಷಿ ಹುಟ್ಟಬೇಕು, ಅದು ಹುಟ್ಟುವುದು ಈ ಅರ್ಧ ಗಂಟೆಯಲ್ಲಿ.

ಬ್ಯಾಂಕಿನ ಆ್ಯಪ್ ತೆರೆದು ಕಾರ್ಡಿನ ಸೆಟ್ಟಿಂಗ್ ಪುಟದ ಒಂದು ಸ್ಕ್ರೀನ್‌ಶಾಟ್ ತೆಗೆಯಿರಿ. ಆನ್‌ಲೈನ್ ಬಳಕೆ, ವಿದೇಶಿ ಬಳಕೆ, ಮಿತಿ ಎಷ್ಟು ಅಂತ ಕಾಣುವ ಪುಟ ಅದು. ಎರಡು ಸೆಕೆಂಡಿನ ಕೆಲಸ. ತಕ್ಷಣ ಕಾರ್ಡ್ ಬ್ಲಾಕ್ ಮಾಡಿ. ಬ್ಲಾಕ್ ಆದ ಮೇಲೆ ಆ ಪುಟ ಎಷ್ಟೋ ಆ್ಯಪ್‌ಗಳಲ್ಲಿ ಕಾಣುವುದಿಲ್ಲ, ಅದಕ್ಕೇ ಈ ಕ್ರಮ. ಆ್ಯಪ್ ಹಟ ಮಾಡಿದರೆ ಸ್ಕ್ರೀನ್‌ಶಾಟ್ ಬಿಡಿ, ನೇರ ಕಸ್ಟಮರ್ ಕೇರ್‌ಗೆ ಫೋನ್ ಮಾಡಿ ಬ್ಲಾಕ್ ಮಾಡಿಸಿ. ನಂಬರನ್ನು ಕಾರ್ಡಿನ ಹಿಂಬದಿಯಿಂದ ನೋಡಿಕೊಳ್ಳಿ. ಗೂಗಲ್‌ನಲ್ಲಿ ಹುಡುಕಬೇಡಿ, ಅಲ್ಲಿ ಕಳ್ಳರೇ ನಂಬರ್ ಹಾಕಿಕೊಂಡು ಕೂತಿರುತ್ತಾರೆ.

ಮುಂದಿನದ್ದರಲ್ಲೇ ಹೆಚ್ಚಿನವರು ಎಡವುವುದು. ಕಾರ್ಡ್ ಬ್ಲಾಕ್ ಮಾಡಿಸುವುದು ಬೇರೆ, ದೂರು ದಾಖಲಿಸುವುದು ಬೇರೆ. ಫೋನಿನಲ್ಲಿ ಆ ಕಡೆಯವರು "ಆಯ್ತು ಸರ್, ಬ್ಲಾಕ್ ಆಗಿದೆ, ರಿಕ್ವೆಸ್ಟ್ ನಂಬರ್ ಬರೆದುಕೊಳ್ಳಿ" ಅನ್ನುತ್ತಾರೆ. ನಮಗೆ ಎಲ್ಲ ಮುಗಿಯಿತು ಅನ್ನಿಸುತ್ತದೆ. ಆದರೆ ಅದು ಬ್ಲಾಕ್ ಮಾಡಿದ ನಂಬರ್ ಅಷ್ಟೇ. ಹದಿನೈದು ದಿನ ಬಿಟ್ಟು ವಿಚಾರಿಸಿದರೆ "ನಿಮ್ಮ ಹೆಸರಲ್ಲಿ ದೂರೇ ಇಲ್ಲ" ಅನ್ನುತ್ತಾರೆ. ಆದ್ದರಿಂದ ಫೋನ್ ಇಡುವ ಮೊದಲು ನೇರವಾಗಿ ಕೇಳಿ: "ಈ ಮೂರು ವ್ಯವಹಾರ ನಾನು ಮಾಡಿಲ್ಲ. ಇವುಗಳ ಮೇಲೆ ಡಿಸ್ಪ್ಯೂಟ್ ದಾಖಲಿಸಿ, ದೂರಿನ ನಂಬರ್ ಬೇರೆ ಕೊಡಿ." ದೂರು ಬಂದ ಕೂಡಲೇ ನೋಂದಣಿ ಸಂಖ್ಯೆ ಕೊಡಬೇಕು ಅಂತ 2017ರ ಆ ಸುತ್ತೋಲೆಯಲ್ಲೇ ಇದೆ.

"ವ್ಯವಹಾರ ಇನ್ನೂ ಪೆಂಡಿಂಗ್ ಇದೆ, ಸೆಟಲ್ ಆದ ಮೇಲೆ ದೂರು ಕೊಡಿ" ಅಂತಲೂ ಹೇಳಬಹುದು. ಇದರಲ್ಲಿ ಅರ್ಧ ನಿಜ ಇದೆ. ಕಾರ್ಡ್ ವ್ಯವಹಾರದಲ್ಲಿ ಮೊದಲು ಹಣ ತಡೆಹಿಡಿಯುತ್ತಾರೆ, ಒಂದೆರಡು ದಿನದ ಮೇಲೆ ವ್ಯಾಪಾರಿ ಕಡೆಯಿಂದ ಕ್ಲೇಮ್ ಬಂದಾಗ ಅದು ಪಕ್ಕಾ ಆಗುತ್ತದೆ. ಹಣ ವಾಪಸ್ ಕೇಳುವ ಚಾರ್ಜ್‌ಬ್ಯಾಕ್ ಪ್ರಕ್ರಿಯೆಯನ್ನು ಬ್ಯಾಂಕು ಪಕ್ಕಾ ಆದ ಮೇಲೇ ಶುರು ಮಾಡುವುದು. ಆದರೆ ನಿಮ್ಮ 3 ದಿನದ ಗಡಿಯಾರ ಓಡಲು ಶುರುವಾಗುವುದು ಮಾಹಿತಿ ಬಂದಾಗಿನಿಂದ, ಸೆಟಲ್ ಆದಾಗಿನಿಂದ ಅಲ್ಲ. "ಈಗಲೇ ತಿಳಿಸಿದ್ದೇನೆ ಅಂತ ದಾಖಲಿಸಿ, ಪ್ರಕ್ರಿಯೆ ನಿಮ್ಮ ಸಮಯಕ್ಕೆ ಮಾಡಿ" ಅನ್ನಿ. ಅವರು ಒಪ್ಪಲಿಲ್ಲವಾ, ಅದೇ ಮಾತನ್ನು ನೋಂದಾಯಿತ ಇಮೇಲ್‌ನಿಂದ ಕಳಿಸಿಬಿಡಿ. ಇಮೇಲ್‌ಗೆ ಸಮಯದ ಮುದ್ರೆ ಇರುತ್ತದಲ್ವಾ, ಅದೇ ನಿಮ್ಮ ಸಾಕ್ಷಿ.

ಆಮೇಲೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಅಥವಾ cybercrime.gov.in ನಲ್ಲಿ ದೂರು ಹಾಕಿ. ದೇಶದೊಳಗೆ ಒಂದು ಖಾತೆಯಿಂದ ಇನ್ನೊಂದಕ್ಕೆ ಹೋದ ಹಣವನ್ನು ತಡೆಹಿಡಿಯಲು ಇದು ಬಹಳ ಉಪಯೋಗಕ್ಕೆ ಬರುತ್ತದೆ. ವಿದೇಶಿ ವ್ಯಾಪಾರಿಗೆ ಹೋದ ಕಾರ್ಡ್ ಹಣದ ವಿಷಯದಲ್ಲಿ ಅಷ್ಟು ಆಸೆ ಇಟ್ಟುಕೊಳ್ಳಬೇಡಿ, ಆದರೆ ಅಲ್ಲಿ ಸಿಗುವ ಸ್ವೀಕೃತಿ ಸಂಖ್ಯೆ ಬೇಕೇ ಬೇಕು. ಶಾಖೆಯವರು ಪೊಲೀಸ್ ದೂರು ಎಲ್ಲಿ ಅಂತ ಕೇಳಿದಾಗ ಇದನ್ನು ತೋರಿಸಬಹುದು. "ಮೊದಲು ಎಫ್‌ಐಆರ್ ತನ್ನಿ, ಆಮೇಲೆ ನಿಮ್ಮ ದೂರು ತಗೊಳ್ತೇವೆ" ಅಂದರೆ ಮಾತ್ರ ಒಪ್ಪಬೇಡಿ. ಆ 2017ರ ಸುತ್ತೋಲೆಯಲ್ಲಿ ಅಂಥ ಷರತ್ತು ಇಲ್ಲ.

ಕಾಲಾನುಕ್ರಮ ಬರೆಯುವುದು

ಭಾವನ ಮೊದಲ ಪತ್ರ ಹೀಗಿತ್ತು, ಸ್ವಲ್ಪ ಚಿಕ್ಕದು ಮಾಡಿ ಕೊಡುತ್ತಿದ್ದೇನೆ:

"ನಿನ್ನೆ ರಾತ್ರಿ ನನ್ನ ಖಾತೆಯಿಂದ ಸುಮಾರು 28 ಸಾವಿರ ಹೋಗಿದೆ. ನನಗೆ ಏನೂ ಗೊತ್ತಿಲ್ಲ. ಬಹುಶಃ ಯಾವುದೋ ಲಿಂಕ್ ಒತ್ತಿರಬಹುದು. ದಯವಿಟ್ಟು ಕೂಡಲೇ ಕ್ರಮ ಕೈಗೊಳ್ಳಿ."

ನಾಲ್ಕು ವಾಕ್ಯ, ನಾಲ್ಕು ತೊಂದರೆ. "ನಿನ್ನೆ ರಾತ್ರಿ" ಅಂದರೆ ಯಾವ ತಾರೀಕು? "ಸುಮಾರು" ಅಂದರೆ ಬ್ಯಾಂಕು ಯಾವ ವ್ಯವಹಾರ ಅಂತ ಹಿಡಿಯಬೇಕು? "ಕ್ರಮ" ಅಂದರೆ ಏನು ಮಾಡಬೇಕು, ಕಾರ್ಡ್ ಬ್ಲಾಕಾ, ದುಡ್ಡು ವಾಪಸಾ? ಎಲ್ಲಕ್ಕಿಂತ ಅಪಾಯ ಆ "ಬಹುಶಃ ಲಿಂಕ್ ಒತ್ತಿರಬಹುದು". ಭಾವ ಯಾವ ಲಿಂಕೂ ಒತ್ತಿರಲಿಲ್ಲ. ಹೀಗೂ ಆಗಿರಬಹುದೇನೋ ಅಂತ ಸುಮ್ನೆ ಬರೆದುಬಿಟ್ಟಿದ್ದರು. ಓದುವವರಿಗೆ ಅದು ಗ್ರಾಹಕನೇ ತನ್ನ ನಿರ್ಲಕ್ಷ್ಯ ಒಪ್ಪಿಕೊಂಡಂತೆ. ಆಗಿದ್ದರೆ ಆಗಿದೆ ಅಂತ ಬರೆಯಿರಿ, ಆಗದಿದ್ದರೆ ಊಹೆ ಬರೆಯಬೇಡಿ. ಕಳ್ಳತನ ಹೇಗಾಯಿತು ಅಂತ ಪತ್ತೆ ಮಾಡುವುದು ನಿಮ್ಮ ಕೆಲಸ ಅಲ್ಲ.

ಸರಿಯಾದ ಕಾಲಾನುಕ್ರಮದಲ್ಲಿ ಪ್ರತಿ ಸಾಲಿಗೂ ತಾರೀಕು, ಗಂಟೆ ನಿಮಿಷ, ಏನಾಯಿತು, ಅದಕ್ಕೆ ಸಾಕ್ಷಿ ಏನು ಅನ್ನುವುದು ಇರಬೇಕು. ಸಮಯವನ್ನು ನೆನಪಿನಿಂದ ಬರೆಯಬೇಡಿ. ಎಸ್‌ಎಂಎಸ್ ಮೇಲೆ ಇರುವ ಸಮಯ, ಕಾಲ್ ಲಾಗ್‌ನಲ್ಲಿರುವ ಸಮಯ, ಇಮೇಲ್ ಕಳಿಸಿದ ಸಮಯ ನೋಡಿ ಬರೆಯಿರಿ. ಮಧ್ಯರಾತ್ರಿ ದಾಟಿದ ವ್ಯವಹಾರಕ್ಕೆ ತಾರೀಕು ಬದಲಾಗುತ್ತದೆ, ಎಚ್ಚರ. ಭಾವನ ಮೂರನೇ ವ್ಯವಹಾರ ಆದದ್ದು 12.03ಕ್ಕೆ, ಅಂದರೆ 14ನೇ ತಾರೀಕು. ಮೊದಲ ಪತ್ರದಲ್ಲಿ ಎಲ್ಲವನ್ನೂ "ನಿನ್ನೆ ರಾತ್ರಿ" ಅಂತ ಬರೆದಿದ್ದರಿಂದ, 13ನೇ ತಾರೀಕು ಮಾತ್ರ ನೋಡಿದ ಬ್ಯಾಂಕಿನವರಿಗೆ ಎರಡೇ ಸಿಕ್ಕಿದ್ದವು.

ಒಂದು ಸಾಲನ್ನು ಜನ ಮರೆಯುತ್ತಾರೆ. ಅದು "ನಾನು ಇದನ್ನು ಯಾವಾಗ ನೋಡಿದೆ" ಎಂಬ ಸಾಲು. ಗಡುವು ಎಣಿಸುವುದು ನೀವು ನೋಡಿದ ಸಮಯದಿಂದ ಅಲ್ಲ, ನಿಜ. ಆದರೂ ಮೆಸೇಜ್ ಬಂದದ್ದಕ್ಕೂ ಬ್ಲಾಕ್ ಮಾಡಿದ್ದಕ್ಕೂ ನಡುವಿನ ಆರು ಗಂಟೆ ಯಾಕೆ ಖಾಲಿ ಅಂತ ಓದುವವನಿಗೆ ತಿಳಿಯಬೇಕಲ್ಲ. ಮಲಗಿದ್ದೆ ಅಂತ ಬರೆದರೆ ಸಾಕು.

ಇನ್ನು ಆ 84 ರೂಪಾಯಿ. ಚಿಕ್ಕದು ಅಂತ ಬಿಡಬೇಡಿ. ಕದ್ದ ಕಾರ್ಡ್ ಕೆಲಸ ಮಾಡುತ್ತದೋ ಇಲ್ಲವೋ ಅಂತ ನೋಡಲು ಮೊದಲು ಹೀಗೆ ಚಿಲ್ಲರೆ ಎಳೆದು ನೋಡುತ್ತಾರೆ. ಅದು ಪಟ್ಟಿಯಲ್ಲಿದ್ದರೆ ಇದು ಕಳ್ಳರ ಪದ್ಧತಿ ಅಂತ ಓದುವವರಿಗೆ ಒಂದೇ ನೋಟಕ್ಕೆ ಗೊತ್ತಾಗುತ್ತದೆ.

ವಿದೇಶಿ ವ್ಯವಹಾರವಾದರೆ ಮೂರು ನಾಲ್ಕು ದಿನ ಬಿಟ್ಟು ಸ್ಟೇಟ್‌ಮೆಂಟ್ ಇನ್ನೊಮ್ಮೆ ನೋಡಿ. ವಿದೇಶಿ ಕರೆನ್ಸಿ ಬದಲಾವಣೆಗೆ ಬ್ಯಾಂಕು ಶುಲ್ಕ ಹಾಕುತ್ತದೆ, ಅದರ ಮೇಲೆ ಜಿಎಸ್‌ಟಿ ಬೇರೆ. ಭಾವನ ಖಾತೆಯಲ್ಲಿ ಸೋಮವಾರ 1,178 ರೂಪಾಯಿ ಹೀಗೆ ಕಟ್ ಆಗಿತ್ತು. ವ್ಯವಹಾರವೇ ನಿಮ್ಮದಲ್ಲ ಅಂದಮೇಲೆ ಅದರ ಶುಲ್ಕವೂ ನಿಮ್ಮದಲ್ಲ. ಆದರೆ ನೀವು ಕೇಳದಿದ್ದರೆ ಅವರಾಗಿ ಕೊಡುವುದಿಲ್ಲ.

ಪತ್ರ

ಇದು ನಾವು ಕಳಿಸಿದ ಪತ್ರದ ಅಚ್ಚು. ನಿಮ್ಮ ವಿವರ ತುಂಬಿಕೊಳ್ಳಿ. ಕಾರ್ಡ್ ನಂಬರಿನ ಕೊನೆಯ ನಾಲ್ಕು ಅಂಕಿ ಮಾತ್ರ ಬರೆಯಿರಿ, ಪೂರ್ತಿ ನಂಬರ್, ಸಿವಿವಿ, ಪಿನ್ ಯಾವ ಪತ್ರದಲ್ಲೂ ಬೇಡ.

> ಇವರಿಗೆ: ಕುಂದುಕೊರತೆ ಅಧಿಕಾರಿಗಳು. ಪ್ರತಿ: ಶಾಖಾ ವ್ಯವಸ್ಥಾಪಕರು.
>
> ವಿಷಯ: ನಾನು ಮಾಡದ 3 ಡೆಬಿಟ್ ಕಾರ್ಡ್ ವ್ಯವಹಾರಗಳು, ಒಟ್ಟು ರೂ. 28,524. ದೂರು ಸಂಖ್ಯೆ (…). ಹಣ ಮರುಜಮೆ ಮಾಡಲು ಕೋರಿಕೆ.
>
> ಮಾನ್ಯರೇ,
>
> (…) ಎಂದು ಕೊನೆಯಾಗುವ ನನ್ನ ಡೆಬಿಟ್ ಕಾರ್ಡಿನಿಂದ ಕೆಳಗಿನ ಮೂರು ವ್ಯವಹಾರಗಳು ನಡೆದಿವೆ. ಇವನ್ನು ನಾನು ಮಾಡಿಲ್ಲ, ಮಾಡಲು ಯಾರಿಗೂ ಒಪ್ಪಿಗೆ ಕೊಟ್ಟಿಲ್ಲ. ಕಾರ್ಡು ಈ ಅವಧಿಯಲ್ಲಿ ಮತ್ತು ಈಗಲೂ ನನ್ನ ಬಳಿಯೇ ಇದೆ. ಈ ವ್ಯವಹಾರಗಳಿಗೆ ನನಗೆ ಒಟಿಪಿ ಬಂದಿಲ್ಲ. ಪಿನ್, ಒಟಿಪಿ, ಸಿವಿವಿಯನ್ನು ನಾನು ಯಾರಿಗೂ ಹೇಳಿಲ್ಲ.
>
> 13-6-2025, ರಾತ್ರಿ 11.52: ರೂ. 84, ಎಸ್‌ಎಂಎಸ್‌ನಲ್ಲಿರುವ ವ್ಯಾಪಾರಿ ಹೆಸರು (…). ಅಡಕ 1.
> 13-6-2025, ರಾತ್ರಿ 11.58: ರೂ. 9,480, ಅದೇ ವ್ಯಾಪಾರಿ. ಅಡಕ 1.
> 14-6-2025, ರಾತ್ರಿ 12.03: ರೂ. 18,960, ಅದೇ ವ್ಯಾಪಾರಿ. ಅಡಕ 1.
> 14-6-2025, ಬೆಳಿಗ್ಗೆ 6.20: ನಿದ್ದೆಯಿಂದ ಎದ್ದು ಮೂರೂ ಎಸ್‌ಎಂಎಸ್ ಮೊದಲ ಬಾರಿ ನೋಡಿದೆ.
> 14-6-2025, ಬೆಳಿಗ್ಗೆ 6.27: ಆ್ಯಪ್ ಮೂಲಕ ಕಾರ್ಡ್ ಬ್ಲಾಕ್ ಮಾಡಿದೆ. ಅಡಕ 2.
> 14-6-2025, ಬೆಳಿಗ್ಗೆ 6.34ರಿಂದ 6.51: ಗ್ರಾಹಕ ಸೇವೆಗೆ ಕರೆ ಮಾಡಿ ಮೂರೂ ವ್ಯವಹಾರದ ಮೇಲೆ ದೂರು ಕೊಟ್ಟೆ. ದೂರು ಸಂಖ್ಯೆ (…). ಅಡಕ 3.
> 14-6-2025, ಬೆಳಿಗ್ಗೆ 7.15: ನೋಂದಾಯಿತ ಇಮೇಲ್‌ನಿಂದ ಲಿಖಿತ ದೂರು. ಅಡಕ 4.
> 14-6-2025, ಬೆಳಿಗ್ಗೆ 7.30: 1930ಕ್ಕೆ ದೂರು. ಸ್ವೀಕೃತಿ ಸಂಖ್ಯೆ (…). ಅಡಕ 5.
> 16-6-2025: ಇದೇ ವ್ಯವಹಾರಗಳ ಮೇಲೆ ರೂ. 1,178 ಶುಲ್ಕ ಮತ್ತು ತೆರಿಗೆ ಕಡಿತ. ಅಡಕ 6.
>
> ಮಾಹಿತಿ ಬಂದ ನಂತರದ 3ನೇ ಕೆಲಸದ ದಿನ 18-6-2025. ನಾನು 14-6-2025ರಂದೇ ತಿಳಿಸಿದ್ದೇನೆ. ಆರ್‌ಬಿಐನ 6-7-2017ರ ಸುತ್ತೋಲೆ ಮತ್ತು ನಿಮ್ಮ ಬ್ಯಾಂಕಿನ ಗ್ರಾಹಕ ರಕ್ಷಣಾ ನೀತಿಯ ಪ್ರಕಾರ ಈ ನಷ್ಟದಲ್ಲಿ ನನ್ನ ಹೊಣೆ ಸೊನ್ನೆ.
>
> ಆದ್ದರಿಂದ, 1) ರೂ. 28,524ನ್ನು ನಾನು ತಿಳಿಸಿದ ದಿನದಿಂದ 10 ಕೆಲಸದ ದಿನಗಳೊಳಗೆ, ಅಂದರೆ 26-6-2025ರೊಳಗೆ, ವ್ಯವಹಾರ ನಡೆದ ದಿನಾಂಕಕ್ಕೇ ಅನ್ವಯವಾಗುವಂತೆ ಜಮೆ ಮಾಡಿ. 2) ಶುಲ್ಕ ರೂ. 1,178ನ್ನು ವಾಪಸ್ ಮಾಡಿ. 3) ಇದು ನನ್ನ ಹೊಣೆ ಎಂಬುದು ಬ್ಯಾಂಕಿನ ನಿಲುವಾದರೆ, ಪ್ರತಿ ವ್ಯವಹಾರವೂ ಹೇಗೆ ದೃಢೀಕರಣಗೊಂಡಿತು ಎಂಬ ದಾಖಲೆ ಕೊಡಿ: ಒಟಿಪಿ ಕಳಿಸಲಾಯಿತೇ, ಯಾವ ನಂಬರಿಗೆ, ಎಷ್ಟು ಹೊತ್ತಿಗೆ.
>
> ಇಂತಿ, (ಹೆಸರು, ಖಾತೆಯ ಕೊನೆಯ 4 ಅಂಕಿ, ನೋಂದಾಯಿತ ಮೊಬೈಲ್)

ಇದರಲ್ಲಿ ಸಿಟ್ಟಿಲ್ಲ, ಬೈಗುಳ ಇಲ್ಲ, ಕೋರ್ಟಿಗೆ ಹೋಗುತ್ತೇನೆ ಎಂಬ ಬೆದರಿಕೆಯೂ ಇಲ್ಲ. ಬೈಯಬೇಕು ಅನ್ನಿಸುತ್ತದೆ, ಗೊತ್ತು. ಆದರೆ ಈ ಪತ್ರವನ್ನು ಮುಂದೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ಆರ್‌ಬಿಐ ಓಂಬುಡ್ಸ್‌ಮನ್ ಕಚೇರಿಯವರೂ ಓದಬಹುದು, ಅವರಿಗೆ ತಾರೀಕು ಕಣ್ಣಿಗೆ ಬೀಳಬೇಕು.

ಆ 10 ದಿನದ ಜಮೆಗೆ ಬ್ಯಾಂಕಿನವರು ಶ್ಯಾಡೋ ರಿವರ್ಸಲ್ ಅಂತಾರೆ. ಇದು ತಾತ್ಕಾಲಿಕ ಜಮೆ. ಇನ್ಶೂರೆನ್ಸ್ ಹಣ ಬರಲಿ, ವ್ಯಾಪಾರಿ ಉತ್ತರ ಕೊಡಲಿ ಅಂತ ಕಾಯದೆ ಮೊದಲು ಹಾಕಬೇಕು. ಕೆಲವು ಬ್ಯಾಂಕುಗಳು ಹಣ ಹಾಕಿ ಅದರ ಮೇಲೆ ತಡೆ ಇಡುತ್ತವೆ, ಬ್ಯಾಲೆನ್ಸ್‌ನಲ್ಲಿ ಕಾಣುತ್ತದೆ ಆದರೆ ತೆಗೆಯಲು ಬರುವುದಿಲ್ಲ. ಗಾಬರಿ ಬೇಡ, ತನಿಖೆ ಮುಗಿದ ಮೇಲೆ ಆ ತಡೆ ತೆಗೆಯುತ್ತಾರೆ. "ವ್ಯವಹಾರದ ದಿನಾಂಕಕ್ಕೇ ಅನ್ವಯ" ಅನ್ನುವ ಮಾತು ಉಳಿತಾಯ ಖಾತೆಯಲ್ಲಿ ಬಡ್ಡಿ ತಪ್ಪದಿರಲಿ ಅಂತ.

ಕ್ರೆಡಿಟ್ ಕಾರ್ಡ್ ಆದರೆ ಇನ್ನೂ ಒಂದು ಸಾಲು ಸೇರಿಸಿ: ತಕರಾರಿನಲ್ಲಿರುವ ಮೊತ್ತದ ಮೇಲೆ, ವಿಷಯ ಇತ್ಯರ್ಥ ಆಗುವವರೆಗೆ ಬಡ್ಡಿ ಮತ್ತು ತಡ ಶುಲ್ಕ ಹಾಕಬೇಡಿ. ವಂಚನೆ ಅಂತ ಗ್ರಾಹಕ ತಕರಾರು ಎತ್ತಿದ ವ್ಯವಹಾರದ ಮೇಲೆ ಶುಲ್ಕ ಹಾಕಬಾರದು ಅಂತ ಆರ್‌ಬಿಐ 2022ರ ಕಾರ್ಡ್ ನಿರ್ದೇಶನದಲ್ಲಿ ಹೇಳಿದೆ. ಬಿಲ್ಲಿನ ಉಳಿದ ಮೊತ್ತವನ್ನು ಮಾತ್ರ ಸಮಯಕ್ಕೆ ಕಟ್ಟಿಬಿಡಿ. ಸಿಟ್ಟಿಗೆ ಇಡೀ ಬಿಲ್ ನಿಲ್ಲಿಸಿದರೆ ನಿಮ್ಮ ಕ್ರೆಡಿಟ್ ಸ್ಕೋರಿಗೇ ಪೆಟ್ಟು.

ಇಮೇಲ್ ಜೊತೆಗೆ ಒಂದು ಪ್ರತಿಯನ್ನು ಶಾಖೆಗೆ ಒಯ್ದು, ನಿಮ್ಮ ಪ್ರತಿಯ ಮೇಲೆ ಸೀಲು, ಸಹಿ, ತಾರೀಕು ಹಾಕಿಸಿಕೊಳ್ಳಿ. ಬ್ಯಾಂಕಿನದ್ದೇ ಡಿಸ್ಪ್ಯೂಟ್ ಫಾರ್ಮ್ ಇದ್ದರೆ ಅದನ್ನೂ ತುಂಬಿ. ಫಾರ್ಮಿನಲ್ಲಿ ಕಾರಣ ಆರಿಸುವ ಚೌಕಗಳಿರುತ್ತವೆ. "ಈ ವ್ಯವಹಾರ ನಾನು ಮಾಡಿಲ್ಲ" ಅನ್ನುವುದಕ್ಕೆ ಮಾತ್ರ ಗುರುತು ಹಾಕಿ. "ಸರಕು ಬಂದಿಲ್ಲ", "ಮೊತ್ತ ತಪ್ಪಾಗಿದೆ" ಇವಕ್ಕೂ ಗುರುತು ಹಾಕಿದರೆ ನೀವೇ ಕೊಂಡಿರಿ ಅಂತ ಅರ್ಥವಾಗುತ್ತದೆ.

ಬ್ಯಾಂಕು ಇಲ್ಲ ಅಂದಾಗ

ಮೊದಲ ಪತ್ರಕ್ಕೆ ಜೂನ್ 20ರಂದು ಉತ್ತರ ಬಂತು. "ವ್ಯವಹಾರಗಳು ಸರಿಯಾದ ಕಾರ್ಡ್ ವಿವರ ಬಳಸಿ ನಡೆದಿವೆ. ವಿದೇಶಿ ಬಳಕೆಯನ್ನು ಗ್ರಾಹಕರೇ ಆನ್ ಮಾಡಿದ್ದಾರೆ. ಆದ್ದರಿಂದ ಬ್ಯಾಂಕ್ ಹೊಣೆಯಲ್ಲ."

ವಿದೇಶಿ ಬಳಕೆ ಆನ್ ಆಗಿದ್ದು ನಿಜ. ವರ್ಷದ ಹಿಂದೆ ಒಂದು ಕೋರ್ಸ್ ಫೀಸ್ ಕಟ್ಟಲು ಭಾವನೇ ಆನ್ ಮಾಡಿ, ಆಫ್ ಮಾಡುವುದನ್ನು ಮರೆತಿದ್ದರು. ಅವರು ಇದನ್ನು ಕೇಳಿ ಕುಸಿದೇ ಹೋದರು, "ಇನ್ನೇನು, ನನ್ನದೇ ತಪ್ಪಾಯ್ತಲ್ಲ" ಅಂತ. ಆದರೆ ಯೋಚಿಸಿ ನೋಡಿ. ಬಾಗಿಲಿಗೆ ಚಿಲಕ ಹಾಕಿರಲಿಲ್ಲ ಅಂದ ಮಾತ್ರಕ್ಕೆ ಕಳ್ಳನಿಗೆ ಒಪ್ಪಿಗೆ ಕೊಟ್ಟಂತೆ ಆಗುತ್ತದಾ? ಬಳಕೆ ಆನ್ ಮಾಡುವುದು ಒಂದು ಸೌಲಭ್ಯ ಪಡೆಯುವುದು. ಆ ಮೂರು ಪಾವತಿಗೆ ಒಪ್ಪಿಗೆ ಕೊಡುವುದು ಬೇರೆ. ಸುತ್ತೋಲೆ ಗ್ರಾಹಕನ ನಿರ್ಲಕ್ಷ್ಯ ಅಂದಾಗ ಕೊಡುವ ಉದಾಹರಣೆ ಪಾವತಿಯ ಗುಟ್ಟಿನ ವಿವರವನ್ನು ಇನ್ನೊಬ್ಬರಿಗೆ ಕೊಟ್ಟದ್ದು.

"ಸರಿಯಾದ ಕಾರ್ಡ್ ವಿವರ" ಅನ್ನುವುದು ಇನ್ನೂ ಬಡಕಲು ವಾದ. ಕದ್ದ ಕಾರ್ಡಿನ ವಿವರ ಸರಿಯಾಗಿಯೇ ಇರುತ್ತದೆ! ದೇಶದೊಳಗಿನ ಆನ್‌ಲೈನ್ ಪಾವತಿಗೆ ನಮ್ಮಲ್ಲಿ ಸಾಮಾನ್ಯವಾಗಿ ಒಟಿಪಿಯಂಥ ಎರಡನೇ ಪರೀಕ್ಷೆ ಇದೆ. ವಿದೇಶಿ ಸೈಟುಗಳಲ್ಲಿ ಎಷ್ಟೋ ಕಡೆ ಅದಿಲ್ಲ, ನಂಬರ್, ಅವಧಿ, ಸಿವಿವಿ ಇದ್ದರೆ ಮುಗಿಯಿತು. ಆ ಮೂರನ್ನು ಯಾವುದೋ ಅಂಗಡಿಯ ಡೇಟಾ ಸೋರಿಕೆಯಿಂದಲೂ ಕದಿಯಬಹುದು. ಗ್ರಾಹಕನದ್ದೇ ಹೊಣೆ ಅಂತ ಸಾಬೀತು ಮಾಡುವ ಭಾರ ಬ್ಯಾಂಕಿನ ಮೇಲಿದೆ, ಇದೂ ಅದೇ ಸುತ್ತೋಲೆಯಲ್ಲಿ ಸ್ಪಷ್ಟವಾಗಿ ಇದೆ. ಅದಕ್ಕೇ ಪತ್ರದ ಮೂರನೇ ಕೋರಿಕೆ. ಒಟಿಪಿ ಹೋಗೇ ಇಲ್ಲ ಅಂದಮೇಲೆ ಅವರು ಯಾವ ದಾಖಲೆ ತೋರಿಸುತ್ತಾರೆ?

ಜೂನ್ 21ರಂದು ಮೇಲಿನ ಪತ್ರವನ್ನೇ ಈ ಎರಡು ವಾದಕ್ಕೆ ಉತ್ತರ ಸೇರಿಸಿ, ಅದೇ ದೂರು ಸಂಖ್ಯೆ ಹಾಕಿ, ಕಸ್ಟಮರ್ ಕೇರ್ ಬಿಟ್ಟು ದೂರುಗಳನ್ನು ಮೇಲಿನ ಹಂತದಲ್ಲಿ ನೋಡುವ ಬ್ಯಾಂಕಿನ ನೋಡಲ್ ಅಧಿಕಾರಿಗೆ ಕಳಿಸಿದೆವು. ಅವರ ವಿಳಾಸ ಬ್ಯಾಂಕಿನ ಸೈಟಿನ ಕುಂದುಕೊರತೆ ಪುಟದಲ್ಲಿ ಇರುತ್ತದೆ. ಹೊಸ ದೂರು ತೆರೆಯಬೇಡಿ. ಹೊಸ ನಂಬರ್ ಆದರೆ ಹೊಸ ತಾರೀಕು ಬೀಳುತ್ತದೆ, ನೀವು ಹತ್ತು ದಿನ ತಡವಾಗಿ ತಿಳಿಸಿದಂತೆ ಕಾಣುತ್ತದೆ. ಎಷ್ಟೇ ಸಲ ಬರೆದರೂ ಮೊದಲ ನಂಬರ್, ಮೊದಲ ತಾರೀಕು ಮೇಲೆ ಇರಲಿ.

ಬ್ಯಾಂಕಿನ ಆಚೆ

ದೂರು ಕೊಟ್ಟು 30 ದಿನ ಆದರೂ ಉತ್ತರ ಇಲ್ಲ, ಅಥವಾ ಉತ್ತರ ಒಪ್ಪುವಂತಿಲ್ಲ ಅಂದರೆ ಆರ್‌ಬಿಐ ಓಂಬುಡ್ಸ್‌ಮನ್‌ಗೆ cms.rbi.org.in ನಲ್ಲಿ ದೂರು ಹಾಕಬಹುದು. ದುಡ್ಡು ಕೊಡಬೇಕಿಲ್ಲ, ವಕೀಲರೂ ಬೇಡ. ವಿಚಾರಿಸಲು 14448ಕ್ಕೆ ಫೋನ್ ಮಾಡಬಹುದು. ಬ್ಯಾಂಕಿಗೆ ಮೊದಲು ದೂರು ಕೊಡದೆ ನೇರ ಅಲ್ಲಿಗೆ ಹೋದರೆ ತಿರಸ್ಕರಿಸುತ್ತಾರೆ. ಅದೇ ವಿಷಯ ಆಗಲೇ ಕೋರ್ಟಿನಲ್ಲಿ ಇದ್ದರೂ ತಗೊಳ್ಳುವುದಿಲ್ಲ. ಅಲ್ಲಿ ನೀವು ಹೊಸದಾಗಿ ಏನೂ ಬರೆಯಬೇಕಾಗಿಲ್ಲ. ಅದೇ ಕಾಲಾನುಕ್ರಮಕ್ಕೆ ಬ್ಯಾಂಕಿನ ಉತ್ತರದ ಸಾಲು ಸೇರಿಸಿ, ಅಡಕಗಳ ಜೊತೆ ಹಾಕಿದರೆ ಆಯಿತು.

ಇನ್ನೊಂದು ತಾರೀಕು ಗುರುತು ಹಾಕಿಕೊಳ್ಳಿ, 90ನೇ ದಿನ. ದೂರು ಬಂದ 90 ದಿನಗಳೊಳಗೆ ಬ್ಯಾಂಕು ವಿಷಯ ಮುಗಿಸಬೇಕು. ಹೊಣೆ ಯಾರದ್ದು ಅಂತ ಅಷ್ಟರೊಳಗೆ ತೀರ್ಮಾನಿಸಲು ಆಗದಿದ್ದರೆ ನಿಯಮದ ಪ್ರಕಾರ ನಿಮಗೆ ಬರಬೇಕಾದ ಹಣ ಕೊಡಬೇಕು. ಭಾವನ ಕೇಸಿನಲ್ಲಿ ಆ ದಿನ ಸೆಪ್ಟೆಂಬರ್ 12.

ಅಲ್ಲಿಯವರೆಗೆ ಹೋಗಲಿಲ್ಲ. ಜೂನ್ 26ಕ್ಕೆ, ಸರಿಯಾಗಿ ಹತ್ತನೇ ಕೆಲಸದ ದಿನ, 28,524 ಜಮೆ ಆಯಿತು. ಶುಲ್ಕದ 1,178 ಬರಲಿಲ್ಲ, ಪತ್ರದ ಎರಡನೇ ಕೋರಿಕೆ ತೋರಿಸಿ ಮತ್ತೆ ಬರೆದ ಮೇಲೆ ಜುಲೈ 9ಕ್ಕೆ ಬಂತು. ಭಾವ ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದರು. ನಾನು ಇನ್ನೊಂದು ಇಮೇಲ್ ಹಾಕಿಸಿದೆ, ಯಾಕೆಂದರೆ ತಾತ್ಕಾಲಿಕ ಜಮೆಯನ್ನು ತನಿಖೆ ಮುಗಿದ ಮೇಲೆ ಬ್ಯಾಂಕು ಹಿಂದಕ್ಕೆ ಎಳೆದುಕೊಳ್ಳಬಹುದು. "ದೂರು ಮುಕ್ತಾಯವಾಗಿದೆಯೇ, ಜಮೆ ಅಂತಿಮವೇ, ಲಿಖಿತವಾಗಿ ತಿಳಿಸಿ" ಅಂತ ಒಂದೇ ವಾಕ್ಯ. ಆಗಸ್ಟ್ 19ಕ್ಕೆ "ಜಮೆ ಅಂತಿಮ" ಅಂತ ಉತ್ತರ ಬಂತು. ಅದನ್ನು ಪ್ರಿಂಟ್ ತೆಗೆದು ಆ ಆರು ಅಡಕಗಳ ಜೊತೆ ಅದೇ ಫೈಲಿಗೆ ಸೇರಿಸಿದೆವು.